ಎಂಬತ್ತರ ಮೆಟ್ರೋ ಮೂವತ್ಮೂರಕ್ಕೆ ಇಳಿಯುವುದೇಕೆ?

ಗುರುಪುರ, ಪಿರಿಯಾಪಟ್ಟಣ, ಕೋಟೆ ಕಡೆಯಿಂದ ಬೆಂಗಳೂರಿಗೆ ಹೊರಟವರ ಬಾಯಲ್ಲಿ ಈಗ ಬಸ್ಸಿನ ಮಾತಿಗಿಂತ ಮೆಟ್ರೋ ಮಾತೇ ಜಾಸ್ತಿ. ಕಾರಣ ಇಲ್ಲದೆ ಇಲ್ಲ. 2023ರ ಅಕ್ಟೋಬರ್ 9ರಿಂದ ನೇರಳೆ ಮಾರ್ಗದ ರೈಲು ಮೈಸೂರು ರಸ್ತೆಯ ಚಲ್ಲಘಟ್ಟದಿಂದ ಹೊರಟು ಊರಿನ ಇನ್ನೊಂದು ತುದಿಯ ವೈಟ್‌ಫೀಲ್ಡ್‌ವರೆಗೆ ಒಂದೇ ಓಟ ಓಡುತ್ತಿದೆ. ಒಟ್ಟು 43.49 ಕಿಲೋಮೀಟರ್, 37 ನಿಲ್ದಾಣ. ಅದರಲ್ಲಿ ಒಂದು ನಿಲ್ದಾಣದ ಹೆಸರೇ ಶ್ರೀ ಸತ್ಯ ಸಾಯಿ ಆಸ್ಪತ್ರೆ. ಹೃದಯದ ಕಾಯಿಲೆಗೂ ನರದ ಕಾಯಿಲೆಗೂ ದುಡ್ಡಿಲ್ಲದೆ ಚಿಕಿತ್ಸೆ ಸಿಗುತ್ತದೆಂದು ಈ ನಾಲ್ಕು ತಾಲ್ಲೂಕುಗಳ ಬಡವರು ರೋಗಿಯನ್ನು ಕರೆದುಕೊಂಡು ಹೋಗುವ ಜಾಗ ಅದು. ಅಂಥವರಿಗೆ ಮೆಟ್ರೋ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎನ್ನುವುದು ಹರಟೆ ವಿಷಯ ಅಲ್ಲ. ಹೊತ್ತು ಮೀರಿದರೆ ಆ ದಿನದ ಚೀಟಿ ಹೋಯಿತು, ಮತ್ತೆ ಬಸ್ ಚಾರ್ಜು, ಮತ್ತೆ ಒಂದು ದಿನದ ಕೂಲಿ ಖೋತಾ.

ಆದರೆ ಊರ ಕಡೆ ನಡೆಯುವ ಲೆಕ್ಕ ಕೇಳಿದರೆ ಗಾಬರಿ ಆಗುತ್ತದೆ. ಹುಣಸೂರಿನ ಟೀ ಹೋಟೆಲೊಂದರಲ್ಲಿ ತಂಬಾಕು ಬೆಳೆಗಾರರೊಬ್ಬರು ರಿಟೈರಾದ ಲೆಕ್ಕದ ಮೇಷ್ಟ್ರಿಗೆ ಹಾಕಿದ ಸವಾಲು ಹೀಗಿತ್ತು:

"ಅಲ್ಲ ಮೇಷ್ಟ್ರೇ, ಗಂಟೆಗೆ ಎಂಬತ್ತು ಕಿಲೋಮೀಟ್ರು ಓಡ್ತದಂತೆ. ದೂರ ನಲವತ್ಮೂರೂವರೆ. ಅರ್ಧ ಗಂಟೆ ಮೇಲೆ ಮೂರು ನಿಮಿಷ ಸಾಕು ತಾನೆ? ನಮ್ ಹುಡುಗ ಒಂದೂಕಾಲು ಗಂಟೆ ಮೇಲಾಯ್ತು ಅಂತಾನೆ. ಎಲ್ಲೋ ನಿದ್ದೆ ಹೊಡ್ದು ವಾಪಸ್ ಬಂದಿರ್ಬೇಕು."

"ನಿಮ್ ಹುಡುಗ ಸರಿಯಾಗೇ ಹೇಳವ್ನೆ ಗೌಡ್ರೇ. ತಪ್ಪಿರೋದು ನಿಮ್ ಭಾಗಾಕಾರ" ಅಂದರು ಮೇಷ್ಟ್ರು.

ತಪ್ಪು ಗೌಡರೊಬ್ಬರದ್ದಲ್ಲ. ವೇದಿಕೆ ಹತ್ತಿದವರೆಲ್ಲ ಹೇಳುವುದು ಗರಿಷ್ಠ ವೇಗವನ್ನೇ. ಆ ಸಂಖ್ಯೆ ಸುಳ್ಳಲ್ಲ, ಆದರೆ ಪ್ರಯಾಣಿಕನಿಗೆ ಅದರಿಂದ ಆಗುವ ಉಪಯೋಗ ಬಲು ಕಮ್ಮಿ. 43 ಕಿಲೋಮೀಟರ್ ದೂರಕ್ಕೆ ಈ ರೈಲಿಗೆ 80 ನಿಮಿಷದ ಆಸುಪಾಸು ಹಿಡಿಯುತ್ತದೆ. ಅಂದರೆ ಗಂಟೆಗೆ 33 ಕಿಲೋಮೀಟರ್‌ಗಿಂತ ಸ್ವಲ್ಪ ಕಮ್ಮಿಯೇ ಬಿತ್ತು. ಎಂಬತ್ತರ ರೈಲು ಮೂವತ್ಮೂರಕ್ಕೆ ಇಳಿದದ್ದು ಯಾರ ಸೋಮಾರಿತನದಿಂದಲೂ ಅಲ್ಲ. ಅದು ನಿಲ್ದಾಣಗಳ ಲೆಕ್ಕ.

ಒಂದು ನಿಲ್ದಾಣದ ಬೆಲೆ

ಷಟಲ್ ಬಸ್ಸು ಹತ್ತಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಡ್ರೈವರ್ ಒಂದನೇ ಗೇರು, ಎರಡನೇ ಗೇರು ಎಂದು ಎಳೆದು ನಾಲ್ಕಕ್ಕೆ ತರುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಮತ್ತೆ ಬ್ರೇಕು. ಮೆಟ್ರೋ ಕಥೆಯೂ ಅದೇ, ಗೇರಿನ ಸದ್ದು ಮಾತ್ರ ಇಲ್ಲ.

ಲೆಕ್ಕ ಮಾಡಿ ನೋಡಿ. 37 ನಿಲ್ದಾಣ ಎಂದರೆ ನಡುವೆ 36 ಅಂತರ. ಸರಾಸರಿ ತೆಗೆದರೆ ಒಂದೊಂದು ಅಂತರ 1,200 ಮೀಟರ್. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರ್. ಮೆಟ್ರೋ ರೈಲು ಹೊರಟ ಮೇಲೆ ಪ್ರತಿ ಸೆಕೆಂಡಿಗೂ ತನ್ನ ವೇಗವನ್ನು ಸೆಕೆಂಡಿಗೆ ಸುಮಾರು ಒಂದು ಮೀಟರಿನಷ್ಟು ಏರಿಸಿಕೊಳ್ಳುತ್ತದೆ. ಸ್ಪೀಡೋಮೀಟರ್ ಲೆಕ್ಕದಲ್ಲಿ ಹೇಳುವುದಾದರೆ ಮುಳ್ಳು ಪ್ರತಿ ಸೆಕೆಂಡಿಗೆ ಮೂರೂವರೆ ಕಿಲೋಮೀಟರ್ ಮೇಲೇರುತ್ತದೆ. ಹೀಗೆ ಏರಿ ಎಂಬತ್ತು ಮುಟ್ಟಲು 22 ಸೆಕೆಂಡು ಬೇಕು, ಅಷ್ಟರಲ್ಲಿ ರೈಲು 250 ಮೀಟರ್ ದಾಟಿರುತ್ತದೆ. ನಿಲ್ಲುವಾಗಲೂ ಹಾಗೆಯೇ. ಮುಂದಿನ ನಿಲ್ದಾಣಕ್ಕೆ 250 ಮೀಟರ್ ಇರುವಾಗಲೇ ಬ್ರೇಕ್ ಹಾಕಬೇಕು, 22 ಸೆಕೆಂಡಿನಲ್ಲಿ ನಿಲ್ಲಬೇಕು.

ಇಲ್ಲಿಗೆ 1,200 ಮೀಟರಿನಲ್ಲಿ 500 ಮೀಟರ್ ಏರಿಳಿತಕ್ಕೇ ಹೋಯಿತು. ಎಂಬತ್ತರಲ್ಲಿ ಓಡಲು ಉಳಿದದ್ದು 700 ಮೀಟರ್. ಅದಕ್ಕೆ 32 ಸೆಕೆಂಡು. ಏರಲು 22, ಓಡಲು 32, ಇಳಿಯಲು 22, ಕೂಡಿದರೆ 76 ಸೆಕೆಂಡು. ಇದೇ ರೈಲು ಎಲ್ಲೂ ನಿಲ್ಲದೆ ಎಂಬತ್ತರಲ್ಲೇ ಹಾದು ಹೋಗಿದ್ದರೆ ಈ ದೂರಕ್ಕೆ 54 ಸೆಕೆಂಡು ಸಾಕಿತ್ತು. ನಿಂತ ತಪ್ಪಿಗೆ 22 ಸೆಕೆಂಡು ದಂಡ.

ಇದರ ಮೇಲೆ ಪ್ಲಾಟ್‌ಫಾರಂನಲ್ಲಿ ಕಾಯುವ ಹೊತ್ತು. ಬಾಗಿಲು ತೆರೆಯಬೇಕು, ಇಳಿಯುವವರು ಇಳಿಯಬೇಕು, ಹತ್ತುವವರು ಹತ್ತಬೇಕು, ಗಂಟೆ ಬಾರಿಸಿ ಬಾಗಿಲು ಮುಚ್ಚಬೇಕು, ಎಲ್ಲ ಬಾಗಿಲೂ ಮುಚ್ಚಿದೆ ಎಂದು ಖಾತ್ರಿಯಾದ ಮೇಲೆ ರೈಲು ಅಲುಗಬೇಕು. ಇದಕ್ಕೆ 30 ಸೆಕೆಂಡು ಇಟ್ಟುಕೊಳ್ಳಿ. ಒಂದು ನಿಲ್ದಾಣದ ಬೆಲೆ ಒಟ್ಟು 52 ಸೆಕೆಂಡು ಎಂದಾಯಿತು.

ಈ ಲೆಕ್ಕದ ಸ್ವಾರಸ್ಯ ಏನೆಂದರೆ ಅಂತರ ಎಷ್ಟೇ ಇರಲಿ, ರೈಲು ಎಂಬತ್ತು ಮುಟ್ಟುವಷ್ಟು ಜಾಗ ಇದ್ದರೆ ಸಾಕು, ದಂಡ ಇಷ್ಟೇ. ಹಾಗಾಗಿ ಯಾವ ಮಾರ್ಗವಾದರೂ ಸರಿ, ಕಾಗದ ಪೆನ್ಸಿಲ್ ಇದ್ದವನು ಮನೆಯಲ್ಲೇ ಕೂತು ಹೊತ್ತು ಹೇಳಬಹುದು. ಮೊದಲು ಇಡೀ ದೂರವನ್ನು ಎಂಬತ್ತರಿಂದ ಭಾಗಿಸಿ. ನೇರಳೆ ಮಾರ್ಗಕ್ಕೆ ಅದು 33 ನಿಮಿಷ. ಗೌಡರ ಭಾಗಾಕಾರ ಇಲ್ಲಿಗೆ ನಿಂತುಬಿಟ್ಟಿತ್ತು. ಅದಕ್ಕೆ 36 ಅಂತರಗಳ ಏರಿಳಿತದ ದಂಡ ಸೇರಿಸಿ, 13 ನಿಮಿಷ. ನಡುವಿನ 35 ನಿಲ್ದಾಣಗಳಲ್ಲಿ ಅರ್ಧರ್ಧ ನಿಮಿಷ ಕಾಯುವುದಕ್ಕೆ 17 ನಿಮಿಷ ಸೇರಿಸಿ. ಒಟ್ಟು 63 ನಿಮಿಷ. ಓಟದಷ್ಟೇ ಹೊತ್ತು ನಿಲ್ಲುವುದಕ್ಕೂ ಹೋಯಿತು!

ಕಾಗದದ 63, ಹಳಿಯ 80

ಹಾಗಾದರೆ 63 ಎಲ್ಲಿ, 80 ಎಲ್ಲಿ? ಉಳಿದ 17 ನಿಮಿಷ ನುಂಗಿದ್ದು ಯಾರು ಎಂದು ಕೇಳುವ ಹಕ್ಕು ಓದುಗರಿಗಿದೆ.

ಕಾಗದದ ರೈಲಿಗೆ ತಿರುವಿಲ್ಲ. ಹಳಿಯ ಮೇಲಿನ ರೈಲಿಗೆ ಇದೆ. ಬೆಂಗಳೂರಿನ ಮನೆ ಮಠಗಳನ್ನು ತಪ್ಪಿಸಿಕೊಂಡು ರಸ್ತೆ ಹೋದ ಹಾಗೆ ಹೋಗುವ ಮೆಟ್ರೋ ದಾರಿಯಲ್ಲಿ ಬಿಗಿ ತಿರುವು ಬಂದರೆ ನಲವತ್ತಕ್ಕೂ ಇಳಿಯಬೇಕಾಗುತ್ತದೆ. ಎರಡು ನಿಲ್ದಾಣಗಳ ಮಧ್ಯೆ ಅಂಥ ಒಂದು ತಿರುವು ಸಿಕ್ಕಿತೆಂದರೆ ಆ ಅಂತರದಲ್ಲಿ ಎಂಬತ್ತರ ಆಸೆ ಬಿಟ್ಟ ಹಾಗೇ. ಇನ್ನು ವೇಗ ಏರುವ ಬಗೆ. ಸೆಕೆಂಡಿಗೆ ಒಂದು ಮೀಟರಿನ ಆ ಭರ ಮೊದಲ ಮೂವತ್ತು ನಲವತ್ತು ಕಿಲೋಮೀಟರ್ ವೇಗದವರೆಗೆ ಮಾತ್ರ. ಆಮೇಲೆ ಮೋಟಾರಿನ ಶಕ್ತಿ ಅಷ್ಟೇ ಇದ್ದು ವೇಗ ಹೆಚ್ಚುವುದರಿಂದ ಎಳೆತ ಸಡಿಲವಾಗುತ್ತದೆ. ಲೋಡು ತುಂಬಿದ ಲಾರಿ ನಾಲ್ಕನೇ ಗೇರಿನಲ್ಲಿ ಮೆಲ್ಲಗೆ ಎತ್ತುವ ಹಾಗೆ ಅರವತ್ತರಿಂದ ಎಂಬತ್ತಕ್ಕೆ ಹೋಗುವುದು ನಿಧಾನ. ಕೊನೆಯದಾಗಿ ವೇಳಾಪಟ್ಟಿ ಬರೆಯುವವರು ಉಸಿರಾಡಲು ಸ್ವಲ್ಪ ಹೊತ್ತನ್ನು ಬೇಕೆಂದೇ ಇಟ್ಟಿರುತ್ತಾರೆ. ಒಂದು ನಿಲ್ದಾಣದಲ್ಲಿ ಹತ್ತು ಸೆಕೆಂಡು ತಡವಾದರೆ ಅದನ್ನು ಮುಂದೆ ತುಂಬಿಕೊಳ್ಳುವ ದಾರಿ ಇರಬೇಕಲ್ಲ? ಇಲ್ಲದಿದ್ದರೆ ಆ ತಡ ಹಿಂದಿನ ರೈಲಿಗೂ, ಅದರ ಹಿಂದಿನದಕ್ಕೂ ಅಂಟುತ್ತಾ ಹೋಗುತ್ತದೆ.

ಈ ಮೂರೂ ಸೇರಿ ಕಾಗದದ ಲೆಕ್ಕದ ಮೇಲೆ ಐದನೇ ಒಂದು, ನಾಲ್ಕನೇ ಒಂದು ಪಾಲು ಹೆಚ್ಚುತ್ತದೆ. ಇದು ಊಹೆ ಅಲ್ಲ ಎಂಬುದಕ್ಕೆ ಹಳೆಯ ಲೆಕ್ಕವೇ ಸಾಕ್ಷಿ. 2016ರ ಏಪ್ರಿಲ್ ಕೊನೆಯಲ್ಲಿ ಇದೇ ಮಾರ್ಗದ ನಡುವಿನ ಸುರಂಗ ತೆರೆದು, ಬೈಯಪ್ಪನಹಳ್ಳಿಯಿಂದ ಮೈಸೂರು ರಸ್ತೆಯವರೆಗೆ ರೈಲು ಓಡಿದಾಗ ದೂರ 18.1 ಕಿಲೋಮೀಟರ್, ನಿಲ್ದಾಣ 17. ಆಗ ಹೇಳಿದ್ದ ಹೊತ್ತು 33 ನಿಮಿಷ. ಮೇಲಿನ ಹಾಗೆ ಕಾಗದದಲ್ಲಿ ಮಾಡಿದರೆ 27 ನಿಮಿಷ ಬರುತ್ತದೆ. ಅಲ್ಲೂ ಐದನೇ ಒಂದು ಪಾಲಿಗಿಂತ ಸ್ವಲ್ಪ ಮೇಲೆಯೇ ಜಾಸ್ತಿ. ಅಂದಹಾಗೆ, ಗೌಡರು 43 ಕಿಲೋಮೀಟರ್ ಮುಗಿಸಲು ಕೊಟ್ಟ 33 ನಿಮಿಷದಲ್ಲಿ ರೈಲು ಮುಗಿಸಿದ್ದು 18 ಮಾತ್ರ.

ಬಳಕೆಗೆ ಸುಲಭವಾದ ಮಾತು ಬೇಕೆಂದರೆ ಇಷ್ಟು ನೆನಪಿಟ್ಟರಾಯಿತು: ನೇರಳೆ ಮಾರ್ಗದಲ್ಲಿ ಒಂದು ನಿಲ್ದಾಣದಿಂದ ಮುಂದಿನ ನಿಲ್ದಾಣಕ್ಕೆ ಎರಡೂಕಾಲು ನಿಮಿಷ.

ವೇಗ ಹೆಚ್ಚಿಸಿದರೆ?

"ಹಂಗಾದ್ರೆ ಸ್ಪೀಡ್ ಜಾಸ್ತಿ ಮಾಡ್ಲಿ, ತೊಂಬತ್ತು ಓಡಿಸ್ಲಿ, ನೂರಿಪ್ಪತ್ತು ಓಡಿಸ್ಲಿ" ಎನ್ನುವ ಮಾತು ಮುಂದೆ ಬಂದೇ ಬರುತ್ತದೆ. ಕೇಳಲು ಚೆನ್ನ. ಕೂಡಿ ಕಳೆದು ನೋಡಿದರೆ ಕೈಗೆ ಬರುವುದು ಚಿಲ್ಲರೆ.

ತೊಂಬತ್ತಕ್ಕೆ ಏರಿಸಿದರೆ ಓಟದಲ್ಲಿ 6 ಸೆಕೆಂಡು ಉಳಿಯುತ್ತದೆ ನಿಜ. ಆದರೆ ತೊಂಬತ್ತು ಮುಟ್ಟಲೂ ಅದರಿಂದ ಇಳಿಯಲೂ ಮೊದಲಿಗಿಂತ ಹೆಚ್ಚು ಹೊತ್ತು ಬೇಕಲ್ಲ, ಅದರಲ್ಲಿ 3 ಸೆಕೆಂಡು ವಾಪಸ್ ಹೋಗುತ್ತದೆ. ಉಳಿತಾಯ ಒಂದು ಅಂತರಕ್ಕೆ ಮೂರೇ ಸೆಕೆಂಡು. 36 ಅಂತರಕ್ಕೂ ಸೇರಿ ಎರಡು ನಿಮಿಷ ಆಗದು. ನೂರಿಪ್ಪತ್ತಕ್ಕೆ ಏರಿಸುತ್ತೇವೆ ಎಂದು ಹೊರಟರೆ ಇನ್ನೂ ತಮಾಷೆ. ಏರುವುದಕ್ಕೂ ಇಳಿಯುವುದಕ್ಕೂ ಸೇರಿ 1,100 ಮೀಟರ್ ಬೇಕು. ಇರುವ 1,200ರಲ್ಲಿ ನೂರಿಪ್ಪತ್ತರ ಸುಖ ಉಣ್ಣಲು ಉಳಿಯುವುದು ನೂರು ಮೀಟರ್ ಕೂಡ ಇಲ್ಲ. ಮುಳ್ಳು ನೂರಿಪ್ಪತ್ತು ಮುಟ್ಟಿತು ಎನ್ನುವಷ್ಟರಲ್ಲಿ ಬ್ರೇಕ್. ತುದಿಯಿಂದ ತುದಿಗೆ ಉಳಿತಾಯ ನಾಲ್ಕು ನಿಮಿಷ. ಅದಕ್ಕಾಗಿ ಪ್ರತಿ ಸಲ ಎತ್ತುವಾಗಲೂ ರೈಲಿಗೆ ತುಂಬಬೇಕಾದ ಚಲನಶಕ್ತಿ ಎರಡು ಪಟ್ಟಿಗೂ ಮೀರುತ್ತದೆ. ಕರೆಂಟ್ ಬಿಲ್ಲು ಯಾರ ಟಿಕೆಟ್ಟಿನ ಮೇಲೆ ಬೀಳುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಬೇಗ ಎತ್ತುವ ಹಾಗೆ ಮಾಡಬಹುದಲ್ಲ ಎಂದರೆ, ಮೋಟಾರು ಅದಕ್ಕೆ ಸಿದ್ಧವಾದರೂ ಮನುಷ್ಯ ಸಿದ್ಧನಿಲ್ಲ. ಮೆಟ್ರೋದಲ್ಲಿ ಕೂತವರಿಗಿಂತ ನಿಂತವರು ಜಾಸ್ತಿ. ಸೆಕೆಂಡಿಗೆ ಒಂದು ಮೀಟರ್ ಬದಲು 1.3 ಮೀಟರ್ ಏರಿಸಿದರೆ ಇಡೀ ದಾರಿಗೆ ಮೂರು ನಿಮಿಷ ಉಳಿದೀತು, ಆದರೆ ಕಂಬಿ ಸಿಗದೆ ನಿಂತ ಅಜ್ಜಿ ಪಕ್ಕದವರ ಮೇಲೆ ಬಿದ್ದಿರುತ್ತಾರೆ. ಅದಕ್ಕೇ ಲೋಕದ ಯಾವ ಮೆಟ್ರೋವೂ ಈ ಮಿತಿಯನ್ನು ಬಹಳ ದಾಟಿ ಹೋಗುವುದಿಲ್ಲ.

ನಿಜವಾದ ಹೊತ್ತು ಅಡಗಿರುವುದು ಯಾರೂ ಭಾಷಣ ಮಾಡದ ಜಾಗದಲ್ಲಿ, ಬಾಗಿಲ ಬಳಿ. ಒಂದೊಂದು ನಿಲ್ದಾಣದಲ್ಲೂ ಹತ್ತು ಸೆಕೆಂಡು ಹೆಚ್ಚು ನಿಂತರೆ 35 ನಿಲ್ದಾಣಕ್ಕೆ ಆರು ನಿಮಿಷ ಹೋಯಿತು. ನೂರಿಪ್ಪತ್ತರ ವೇಗದಿಂದ ಗಳಿಸಿದ ನಾಲ್ಕು ನಿಮಿಷವನ್ನು ತೀರಿಸಿ ಮೇಲೆ ಎರಡು ನಿಮಿಷ ಸಾಲ! ಮುಚ್ಚುವ ಬಾಗಿಲಿಗೆ ಬ್ಯಾಗು ಒಡ್ಡಿ "ಬಾರೋ ಬಾರೋ" ಎಂದು ಗೆಳೆಯನನ್ನು ಕರೆಯುವವನು, ಇಳಿಯುವವರಿಗೆ ದಾರಿ ಬಿಡದೆ ನುಗ್ಗುವವರು, ಇವರು ಮಾಡುವ ನಷ್ಟವನ್ನು ಯಾವ ಜಪಾನ್ ಮೋಟಾರೂ ತುಂಬಿಕೊಡಲಾರದು. ಬಾಗಿಲು ಒಂದು ಸಲ ಅಡ್ಡಿಯಾಗಿ ಮತ್ತೆ ತೆರೆದು ಮುಚ್ಚಿತೆಂದರೆ ಹತ್ತು ಸೆಕೆಂಡು ಹೋದ ಹಾಗೇ. ನಮ್ಮ ಕಡೆಯವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಹುಣಸೂರು ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಅಭ್ಯಾಸ ಅಷ್ಟು ಬೇಗ ಹೋಗುತ್ತದೆಯೇ?

ನಮ್ಮೂರಿಗೊಂದು ನಿಲ್ದಾಣ

ನಿಲ್ದಾಣ ಕಮ್ಮಿ ಮಾಡಿದರೆ ರೈಲು ಓಡುತ್ತದೆ ಎಂಬುದಕ್ಕೆ ದೆಹಲಿಯ ವಿಮಾನ ನಿಲ್ದಾಣದ ಮಾರ್ಗ ನೋಡಬಹುದು. ಅಲ್ಲಿ ಸುಮಾರು 25 ಕಿಲೋಮೀಟರ್‌ಗೆ ಏಳೇ ನಿಲ್ದಾಣ. 2023ರಲ್ಲಿ ವೇಗವನ್ನು ನೂರಿಪ್ಪತ್ತಕ್ಕೆ ಏರಿಸಿದ ಮೇಲೆ ನವದೆಹಲಿಯಿಂದ ದ್ವಾರಕೆಯ ಕೊನೆಯ ನಿಲ್ದಾಣಕ್ಕೆ ಸುಮಾರು 21 ನಿಮಿಷ. ಗಂಟೆಗೆ 70ರ ಲೆಕ್ಕ ಬಿತ್ತು, ನೇರಳೆ ಮಾರ್ಗದ ಎರಡು ಪಟ್ಟಿಗೂ ಹೆಚ್ಚು. ಅಲ್ಲಿ ನೂರಿಪ್ಪತ್ತು ಉಪಯೋಗಕ್ಕೆ ಬಂತು, ಯಾಕೆಂದರೆ ಓಡಲು ನಾಲ್ಕು ನಾಲ್ಕು ಕಿಲೋಮೀಟರ್ ಬಯಲು ಸಿಕ್ಕಿತು.

ಹಾಗೆಂದು ನಿಲ್ದಾಣವೇ ಬೇಡ ಎನ್ನುವುದೂ ಅವಿವೇಕ. ಒಂದು ಹೊಸ ನಿಲ್ದಾಣ ಬಂದರೆ 52 ಸೆಕೆಂಡು ಹೋಗುತ್ತದೆ. ರೈಲಿನೊಳಗೆ ಸಾವಿರ ಜನ ಇದ್ದಾರೆ ಎನ್ನಿ, ಎಲ್ಲರ ಹೊತ್ತನ್ನು ಕೂಡಿದರೆ ಹದಿನಾಲ್ಕೂವರೆ ಗಂಟೆ ನಷ್ಟ. ಅದೇ ನಿಲ್ದಾಣದಿಂದ ಹತ್ತಿ ಇಳಿಯುವ ಒಬ್ಬೊಬ್ಬನಿಗೂ ಹತ್ತು ನಿಮಿಷ ನಡೆಯುವ ಕಷ್ಟ ತಪ್ಪುತ್ತದೆ ಎಂದುಕೊಂಡರೆ, ಪ್ರತಿ ರೈಲಿಗೂ 87 ಜನ ಅದನ್ನು ಬಳಸಿದರೆ ಲಾಭ ನಷ್ಟ ಸರಿಸಮ. ಅದಕ್ಕಿಂತ ಜಾಸ್ತಿ ಜನ ಇದ್ದರೆ ನಿಲ್ದಾಣ ಇರಲಿ. ಕಮ್ಮಿ ಇದ್ದರೆ ಒಬ್ಬರ ಕಾಲುನೋವಿಗೆ ಹತ್ತು ಜನರ ಹೊತ್ತು ಕೊಟ್ಟಂತೆ. ವಿಜಯನಗರ, ಇಂದಿರಾನಗರದಂಥ ಕಡೆ ಈ ಲೆಕ್ಕ ನಿಲ್ದಾಣದ ಪರ. ಕಿಲೋಮೀಟರಿಗೊಂದು ನಿಲ್ದಾಣ ಇಟ್ಟದ್ದು ಬೆಂಗಳೂರಿನವರ ಕಾಲಿಗಾಗಿ, ಮೈಸೂರು ಜಿಲ್ಲೆಯವರ ಗಡಿಯಾರಕ್ಕಾಗಿ ಅಲ್ಲ. ಅದನ್ನು ದೂರುವ ಹಾಗೂ ಇಲ್ಲ.

ಕೆಲವು ರೈಲುಗಳು ಸಣ್ಣ ನಿಲ್ದಾಣ ಬಿಟ್ಟು ಎಕ್ಸ್‌ಪ್ರೆಸ್ ಹಾಗೆ ಓಡಲಿ ಎಂದರೆ? ಬಸ್ಸಾದರೆ ಮುಂದಿನ ಷಟಲನ್ನು ಪಕ್ಕದಿಂದ ಓವರ್‌ಟೇಕ್ ಮಾಡಬಹುದು. ಮೆಟ್ರೋದಲ್ಲಿ ಹೋಗಲು ಒಂದು ಹಳಿ, ಬರಲು ಒಂದು ಹಳಿ. ಐದು ನಿಮಿಷಕ್ಕೊಂದು ರೈಲು ಇರುವಾಗ ಆರು ನಿಲ್ದಾಣ ಬಿಟ್ಟು ಬಂದ ರೈಲು ಐದು ನಿಮಿಷ ಗಳಿಸಿ, ಮುಂದಿನ ರೈಲಿನ ಬಾಲಕ್ಕೆ ಬಂದು ನಿಂತಿರುತ್ತದೆ. ಗಳಿಸಿದ್ದೆಲ್ಲ ಅಲ್ಲೇ ಮುಗಿಯಿತು. ಮುಂಬಯಿಯ ಲೋಕಲ್ ರೈಲಿನಲ್ಲಿ ಫಾಸ್ಟು, ಸ್ಲೋ ಎಂದು ಎರಡು ಬಗೆ ನಡೆಯುವುದು ಅಲ್ಲಿ ಅವಕ್ಕೆ ಬೇರೆ ಬೇರೆ ಹಳಿ ಇರುವುದರಿಂದ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಕಂಬದ ಮೇಲೆ ಇನ್ನೆರಡು ಹಳಿ ಹಾಸುವ ಮಾತು ಯಾರೂ ಎತ್ತಲಾರರು.

ಮೈಸೂರಿಗೆ ಮೆಟ್ರೋ ಎಂಬ ಕನಸು

ಈಗ ನಮ್ಮ ಕಡೆಯ ಮಾತಿಗೆ ಬರಬೇಕು. ಮೆಟ್ರೋವನ್ನು ಚಲ್ಲಘಟ್ಟದಿಂದ ಬಿಡದಿಗೆ ಒಯ್ಯುವ ಬಗ್ಗೆ ಅಧ್ಯಯನದ ಮಾತು ನಡೆದಿದೆ. ಅದನ್ನು ಕೇಳಿದ್ದೇ ತಡ, ಅಲ್ಲಿಂದ ರಾಮನಗರ, ಮಂಡ್ಯ, ಮೈಸೂರು, ಕೊನೆಗೆ ಹುಣಸೂರು ಎಂದು ಬಾಯಲ್ಲೇ ಹಳಿ ಹಾಸುವವರು ಹುಟ್ಟಿಕೊಂಡಿದ್ದಾರೆ. ಆಸೆಗೆ ಸುಂಕ ಇಲ್ಲ. ಆದರೆ ಲೆಕ್ಕಕ್ಕೆ ಇದೆ.

ಚಲ್ಲಘಟ್ಟದಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ಎನ್ನಿ. ಈಗಿನ ಹಾಗೆ 1,200 ಮೀಟರಿಗೊಂದು ನಿಲ್ದಾಣ ಇಟ್ಟರೆ ನೂರು ಅಂತರ. ಎರಡೂಕಾಲು ನಿಮಿಷದ ಲೆಕ್ಕದಲ್ಲಿ ಮೂರು ಮುಕ್ಕಾಲು ಗಂಟೆ. ಮೆಜೆಸ್ಟಿಕ್ ಅಲ್ಲಿಂದ ಮುಂದೆ ಇನ್ನೂ ಅರ್ಧ ಗಂಟೆ. ಒಟ್ಟು ನಾಲ್ಕೂಕಾಲು ಗಂಟೆ, ಅದೂ ಮುಕ್ಕಾಲು ಪಾಲು ಜನ ನಿಂತುಕೊಂಡು! 2022ರ ನವೆಂಬರ್‌ನಿಂದ ಓಡುತ್ತಿರುವ ಮೈಸೂರಿನ ವಂದೇ ಭಾರತ್ ರೈಲು ಬೆಂಗಳೂರು ಮುಟ್ಟಲು ಎರಡು ಗಂಟೆಯ ಸುಮಾರು ತೆಗೆದುಕೊಳ್ಳುತ್ತದೆ. ಅದರ ಗುಟ್ಟು ಅದು ನಡುವೆ ನಿಲ್ಲದೆ ಇರುವುದರಲ್ಲಿದೆ. "ಹಂಗಾದ್ರೆ ಮೆಟ್ರೋನೂ ನಾಲ್ಕೇ ಕಡೆ ನಿಲ್ಲಿಸ್ಲಿ" ಎಂದರೆ ಅದು ಮೆಟ್ರೋ ಅಲ್ಲ, ರೈಲೇ ಆಯಿತು. ರೈಲಿಗೆ ಹಳಿ ಆಗಲೇ ಇದೆ. ಕೇಳಬೇಕಾದ್ದು ಆ ಹಳಿಯ ಮೇಲೆ ಕಮ್ಮಿ ನಿಲ್ಲುವ, ಸಾಮಾನ್ಯ ದರದ, ಬೆಳಗ್ಗೆ ಸಂಜೆ ಹೊಂದುವ ಇನ್ನಷ್ಟು ರೈಲುಗಳನ್ನು. ಅದು ಬಿಟ್ಟು ಮೆಟ್ರೋ ಕೇಳುವುದು, ಎಕ್ಸ್‌ಪ್ರೆಸ್ ಬಸ್ಸು ಬೇಕಾದವರು ಇನ್ನೊಂದು ಷಟಲಿಗೆ ಅರ್ಜಿ ಹಾಕಿದಂತೆ.

ಬಿಡದಿಯವರೆಗಾದರೂ ಬಂದರೆ ನಮಗೆ ಅನುಕೂಲ ತಾನೆ ಎಂಬ ಮಾತೂ ಇದೆ. ಬಿಡದಿಯವರಿಗೆ ಖಂಡಿತ ಅನುಕೂಲ. ಹುಣಸೂರಿನಿಂದ ಬಸ್ಸಿನಲ್ಲಿ ಬಂದವನಿಗೆ? ಬಿಡದಿಯಿಂದ ಚಲ್ಲಘಟ್ಟಕ್ಕೆ ಸುಮಾರು 15 ಕಿಲೋಮೀಟರ್. ಅಲ್ಲೂ ಇದೇ ಅಂತರ ಇಟ್ಟರೆ ಹನ್ನೆರಡು ನಿಲ್ದಾಣ, 27 ನಿಮಿಷ. ಹೆದ್ದಾರಿಯಲ್ಲಿ ಅರವತ್ತರ ವೇಗದಲ್ಲಿ ಬರುವ ಬಸ್ಸಿಗೆ ಅದೇ ದೂರ ಕಾಲು ಗಂಟೆ. ರಸ್ತೆ ಕಟ್ಟಿಕೊಂಡಿಲ್ಲದ ಹೊತ್ತಿನಲ್ಲಿ ಬಿಡದಿಯಲ್ಲಿ ಇಳಿದು ಮೆಟ್ರೋ ಹತ್ತುವವನು ಹನ್ನೆರಡು ನಿಮಿಷ ಕಳೆದುಕೊಂಡು, ಮೇಲೆ ಟಿಕೆಟ್ ದುಡ್ಡನ್ನೂ ಕೊಡುತ್ತಾನೆ. ಬಸ್ಸಿನ ವೇಗ ಗಂಟೆಗೆ ಮೂವತ್ಮೂರಕ್ಕಿಂತ ಕೆಳಗೆ ಬೀಳುವ ಜಾಗ ಯಾವುದೋ ಅಲ್ಲಿ ಮಾತ್ರ ಮೆಟ್ರೋಗೆ ಗೆಲುವು.

ಆ ಜಾಗ ಸದ್ಯಕ್ಕೆ ಕೆಂಗೇರಿ. ಬಸ್ಸಿನಲ್ಲಿ ಬಂದವರು ಕೆಂಗೇರಿಯಲ್ಲೇ ಇಳಿಯುವುದೋ, ಸ್ಯಾಟಲೈಟ್ ಬಸ್ ನಿಲ್ದಾಣದ ಕಡೆಗೆ ಹೋಗಿ ಮೈಸೂರು ರಸ್ತೆ ಮೆಟ್ರೋ ಹತ್ತುವುದೋ ಎಂದು ಬಸ್ಸಿನೊಳಗೆ ದಿನವೂ ಚರ್ಚೆ ನಡೆಯುತ್ತದೆ. ಮೆಟ್ಟಿಲು ಹತ್ತುವುದು, ಬ್ಯಾಗು ತಪಾಸಣೆ, ಟಿಕೆಟ್ ಸಾಲು, ರೈಲಿಗೆ ಕಾಯುವುದು ಎಲ್ಲಿ ಹತ್ತಿದರೂ ತಪ್ಪಿದ್ದಲ್ಲ, ಆದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. ಉಳಿಯುವುದು ಒಂದೇ ಪ್ರಶ್ನೆ. ಕೆಂಗೇರಿ ಬಸ್ ಟರ್ಮಿನಲ್ ನಿಲ್ದಾಣದಿಂದ ಮೈಸೂರು ರಸ್ತೆ ನಿಲ್ದಾಣಕ್ಕೆ ಐದು ಅಂತರ, ಮೆಟ್ರೋಗೆ 11 ನಿಮಿಷ. ಬಸ್ಸು ಆ ದೂರವನ್ನು 11 ನಿಮಿಷದೊಳಗೆ ದಾಟುವುದಾದರೆ ಕೂತಿರಿ. ಬೆಳಗಿನ ಎಂಟರಿಂದ ಹನ್ನೊಂದರವರೆಗೆ ಅದು ಆಗುವ ಮಾತಲ್ಲ, ಇಳಿದುಬಿಡುವುದು ವಾಸಿ. ಬೆಳಗಿನ ಜಾವದ ಬಸ್ಸಾದರೆ ರಸ್ತೆ ಖಾಲಿ, ಕೂತಿದ್ದವರೇ ಗೆಲ್ಲುತ್ತಾರೆ.

ಆಸ್ಪತ್ರೆಗೆ ಹೋಗುವವರಿಗೆ ಬೇಕಾದ ಲೆಕ್ಕವೂ ಇದರಲ್ಲೇ ಇದೆ. ಕೆಂಗೇರಿ ಬಸ್ ಟರ್ಮಿನಲ್‌ನಿಂದ ಸತ್ಯ ಸಾಯಿ ಆಸ್ಪತ್ರೆ ನಿಲ್ದಾಣಕ್ಕೆ 30 ಅಂತರ, ಒಂದು ಗಂಟೆ ಎಂಟು ನಿಮಿಷದ ಸುಮಾರು. ಮೈಸೂರು ರಸ್ತೆಯಿಂದಾದರೆ 25 ಅಂತರ, ಒಂದು ಗಂಟೆಗೆ ಮೂರ್ನಾಲ್ಕು ನಿಮಿಷ ಕಮ್ಮಿ. ಹತ್ತುವ ಕಡೆ ಮೆಟ್ಟಿಲು, ತಪಾಸಣೆ, ಕಾಯುವುದಕ್ಕೆ ಕಾಲು ಗಂಟೆ, ಇಳಿದ ಮೇಲೆ ರೋಗಿಯನ್ನು ನಿಧಾನವಾಗಿ ನಡೆಸಿಕೊಂಡು ಹೋಗುವುದಕ್ಕೆ ಇನ್ನೊಂದು ಕಾಲು ಗಂಟೆ ಇಟ್ಟುಕೊಂಡರೆ, ಕೆಂಗೇರಿಯಲ್ಲಿ ಇಳಿದ ಹೊತ್ತಿನಿಂದ ಆಸ್ಪತ್ರೆ ಬಾಗಿಲಿಗೆ ಒಂದು ಗಂಟೆ ನಲವತ್ತು ನಿಮಿಷ. ಯಾರೋ ಹೇಳಿದ ಅರ್ಧ ಗಂಟೆಯನ್ನು ನಂಬಿ ಹುಣಸೂರಿನಿಂದ ಒಂದು ಬಸ್ಸು ತಡವಾಗಿ ಹತ್ತಿದವರು ಆಸ್ಪತ್ರೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಾರೆ.

ಒಂದೇ ಒಂದು ಸಮಾಧಾನದ ಮಾತು ಏನೆಂದರೆ ಈ ಹೊತ್ತು ದಿನ ದಿನಕ್ಕೂ ಬದಲಾಗುವುದು ಕಮ್ಮಿ. ಮಳೆ ಬಂದರೂ ಮೆರವಣಿಗೆ ಬಂದರೂ ಮೆಟ್ರೋದ 68 ನಿಮಿಷ 68ರ ಹತ್ತಿರವೇ ಇರುತ್ತದೆ. ರಸ್ತೆಯಲ್ಲಿ ಅದೇ ದೂರ ಒಂದು ದಿನ ಒಂದೂವರೆ ಗಂಟೆ, ಇನ್ನೊಂದು ದಿನ ಎರಡೂವರೆ. ಚೀಟಿ ಹಿಡಿದು ಹೋಗುವವನಿಗೆ ವೇಗಕ್ಕಿಂತ ಬೇಕಾದ್ದು ಈ ಖಾತ್ರಿ. ಗೌಡರ ಹುಡುಗ ಮುಂದಿನ ಸಲ ಅಜ್ಜಿಯನ್ನು ಕರೆದೊಯ್ಯುವಾಗ ನಿಲ್ದಾಣ ಎಣಿಸಿ, ಎರಡೂಕಾಲಿನಿಂದ ಗುಣಿಸಿ, ಹುಣಸೂರಿನಿಂದ ಒಂದು ಬಸ್ಸು ಮುಂಚೆಯೇ ಹೊರಡುವವನಿದ್ದಾನೆ.